ಒಂದು ಆನೆಯಿಂದ ಹತ್ತು ಬೆಕ್ಕಿನವರೆಗೆ

ಅಂಗನವಾಡಿ ಮತ್ತು ಶಿಶುವಿಹಾರಗಳಲ್ಲಿ ಹೇಳಿಕೊಡುವ ಎಣಿಕೆಯ ಪದ್ಯಗಳಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ಸಂಖ್ಯೆಯ ಹೆಸರುಗಳು ಪ್ರಾಸಕ್ಕಾಗಿ ಮಾತ್ರ ಬರುತ್ತವೆ. ಬಾಳೆಲೆ ಹರಡಿ ಊಟಕ್ಕೆ ಕೂರಿಸುವ, ಕನ್ನಡದ ಮನೆಮನೆಗೂ ಗೊತ್ತಿರುವ ಪದ್ಯ ಈ ಬಗೆಯದು. ಅಲ್ಲಿ ಸಂಖ್ಯೆಗಳು ಜೋಡಿಜೋಡಿಯಾಗಿ ಬಂದು, ಊಟದ ಒಂದೊಂದು ಕೆಲಸಕ್ಕೆ ಪ್ರಾಸ ಒದಗಿಸಿ ಮುಂದೆ ಹೋಗುತ್ತವೆ. ಎಷ್ಟು ಎಲೆ, ಎಷ್ಟು ಸೌಟು ಸಾರು ಎಂಬ ಲೆಕ್ಕ ಅದರಲ್ಲಿಲ್ಲ, ಇರಬೇಕೆಂದೂ ಇಲ್ಲ. ಇನ್ನೊಂದು ಬಗೆಯ ಪದ್ಯದಲ್ಲಿ ಪ್ರತಿ ಸಂಖ್ಯೆಯ ಜೊತೆಗೂ ಅಷ್ಟೇ ಪ್ರಾಣಿಗಳು ಬರುತ್ತವೆ. ಆ ಪ್ರಾಣಿ ಮಾಡುವುದನ್ನು ಮಕ್ಕಳು ಅಷ್ಟೇ ಸಲ ಮಾಡುತ್ತಾರೆ. ಮೊದಲನೆಯದು ಹೆಸರುಗಳನ್ನು ಸಾಲಾಗಿ ಬಾಯಿಗೆ ಬರಿಸುತ್ತದೆ. ಎರಡನೆಯದನ್ನು ಸರಿಯಾಗಿ ಆಡಿಸಿದರೆ ಹೆಸರಿನ ಜೊತೆಗೆ ‘ಎಷ್ಟು’ ಎಂಬುದೂ ಮಗುವಿಗೆ ತಿಳಿಯತೊಡಗುತ್ತದೆ.

ಎರಡನೆಯ ಬಗೆಯ ಪದ್ಯ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು, ಅದಕ್ಕೆಂದೇ ಕಟ್ಟಿದ ಒಂದು ಪದ್ಯವನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಆನೆ ಬಂದಿತು
ಸೊಂಡಿಲನ್ನು ಎತ್ತಿತು

ಎರಡು ಎತ್ತು ಬಂದವು
ತಲೆಯ ತೂಗಿ ನಿಂತವು

ಮೂರು ಮೊಲವು ಬಂದವು
ಜಿಗಿದು ಜಿಗಿದು ಜಿಗಿದವು

ನಾಲ್ಕು ನಾಯಿ ಬಂದವು
ಬೊಗಳಿ ಬೊಗಳಿ ದಣಿದವು

ಐದು ಕೋಳಿ ಬಂದವು
ಕಾಳು ಕುಕ್ಕಿ ತಿಂದವು

ಆರು ಆಡು ಬಂದವು
ಬೇಲಿ ಸೊಪ್ಪು ಮೇದವು

ಏಳು ಇರುವೆ ಬಂದವು
ಸಾಲು ಹಿಡಿದು ನಡೆದವು

ಎಂಟು ಎಮ್ಮೆ ಬಂದವು
ಕೆರೆಗೆ ಇಳಿದು ಮಿಂದವು

ಒಂಬತ್ ಗಿಳಿ ಬಂದವು
ರೆಕ್ಕೆ ಬಡಿದು ನಲಿದವು

ಹತ್ತು ಬೆಕ್ಕು ಬಂದವು
ಕಾಲು ಮಡಚಿ ಕುಳಿತವು

ಪ್ರತಿ ಎರಡು ಸಾಲು ಮುಗಿದ ಮೇಲೆ ಪದ್ಯ ನಿಲ್ಲುತ್ತದೆ. ಆಗ ಎಣಿಕೆ. ಮೊಲದ ಸಾಲಾದ ಮೇಲೆ ಮಕ್ಕಳು “ಒಂದು, ಎರಡು, ಮೂರು” ಎನ್ನುತ್ತ ಮೂರು ಸಲ ಜಿಗಿಯುತ್ತಾರೆ. ಕೋಳಿಯ ಸಾಲಾದ ಮೇಲೆ ಬಲಗೈಯ ಬೆರಳು ಕೂಡಿಸಿ ಎಡ ಅಂಗೈಯನ್ನು ಐದು ಸಲ ಕುಕ್ಕುತ್ತಾರೆ. ಆಡಿಗೆ ಆರು ಸಲ ಕೈ ಮೇಲೆ ಚಾಚಿ ಸೊಪ್ಪು ಕೀಳುವುದು, ಇರುವೆಗೆ ಏಳು ಹೆಜ್ಜೆ, ಎಮ್ಮೆಗೆ ಎಂಟು ಸಲ ಬಗ್ಗಿ ಮುಳುಗಿ ಏಳುವುದು, ಗಿಳಿಗೆ ಒಂಬತ್ತು ಸಲ ತೋಳು ಬಡಿಯುವುದು. ಬೆಕ್ಕಿನ ಸರದಿ ಬಂದಾಗ ಎಲ್ಲರೂ ಕುಳಿತು ಹತ್ತು ಬೆರಳನ್ನೂ ಒಂದೊಂದಾಗಿ ಮಡಚುತ್ತಾರೆ. ಹತ್ತು ಸಲ ಕುಣಿಯುವ ಕೆಲಸವನ್ನು ಕೊನೆಗೆ ಇಟ್ಟರೆ, ಅಷ್ಟು ಹೊತ್ತಿಗಾಗಲೇ ಐವತ್ತಕ್ಕೆ ಹತ್ತಿರ ಸಲ ಮೈ ಆಡಿಸಿರುವ ಮಕ್ಕಳು ಎಣಿಕೆ ಬಿಟ್ಟು ಗದ್ದಲಕ್ಕೆ ಇಳಿಯುತ್ತಾರೆ. ಬೆಕ್ಕನ್ನು ಕೂರಿಸಿರುವುದು ಅದಕ್ಕೇ.

ಸಾಲುಗಳ ಲಯ ಕನ್ನಡದ ಸಂಖ್ಯೆಗಳಿಂದಲೇ ಬಂದದ್ದು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಅಥವಾ ಸೊನ್ನೆಯ ಬಲ ಬಿದ್ದ ಅಕ್ಷರಕ್ಕೂ ಎರಡು ಮಾತ್ರೆ ಎಂಬ ಹಳೆಯ ಲೆಕ್ಕದಲ್ಲಿ ಅಳೆದರೆ ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು — ಈ ಒಂಬತ್ತು ಮಾತುಗಳೂ ಸರಿಯಾಗಿ ಮೂರು ಮೂರು ಮಾತ್ರೆ. ಬೇರೆ ಶ್ರಮವಿಲ್ಲದೆಯೇ ಚಪ್ಪಾಳೆಗೆ ಕೂರುವ ಸಾಲು ಇದು. ಮೇಲಿನ ಪದ್ಯದ ಪ್ರತಿ ಸಾಲಿನಲ್ಲೂ ಮೂರು ಮಾತ್ರೆಯ ಮೂರು ತುಂಡು, ಕೊನೆಗೆ ಒಂದು ಮಾತ್ರೆ, ಆಮೇಲೆ ಉಸಿರಿಗೆ ಸ್ವಲ್ಪ ಬಿಡುವು. ಸಾಲಿಗೆ ನಾಲ್ಕು ಚಪ್ಪಾಳೆ ಬೀಳುತ್ತವೆ. ಉತ್ತರ ಕರ್ನಾಟಕದ ಮಗು ನಾಲ್ಕನ್ನು ‘ನಾಕು’ ಎಂದರೂ ಲೆಕ್ಕ ಕೆಡುವುದಿಲ್ಲ.

ತೊಡಕಿರುವುದು ಒಂಬತ್ತರಲ್ಲಿ ಮಾತ್ರ. ಅದಕ್ಕೆ ಐದು ಮಾತ್ರೆ. ಪದ್ಯ ಕಟ್ಟುವವರು ಇಲ್ಲಿ ಎಡವುವುದು ಸಾಮಾನ್ಯ: ಬೇರೆಲ್ಲ ಸಾಲು ಸರಾಗವಾಗಿ ಹೋಗಿ, ಒಂಬತ್ತಕ್ಕೆ ಬಂದಾಗ ನಾಲಗೆ ತಡವರಿಸುತ್ತದೆ. ಮಾತಿನಲ್ಲಿ ಜನ ಕೊನೆಯ ಉಕಾರ ಬಿಟ್ಟು ‘ಒಂಬತ್’ ಎನ್ನುವುದುಂಟು. ಆಗ ನಾಲ್ಕು ಮಾತ್ರೆಯಾಗುತ್ತದೆ, ಜೊತೆಗೆ ಎರಡು ಮಾತ್ರೆಯ ‘ಗಿಳಿ’ ಸೇರಿದರೆ ಆರು ತುಂಬುತ್ತದೆ. ಗಿಳಿಯನ್ನು ಒಂಬತ್ತಕ್ಕೆ ಹಚ್ಚಿದ್ದಕ್ಕೆ ಬೇರೆ ಕಾರಣವೇನೂ ಇಲ್ಲ. ಆದರೆ ಎಣಿಕೆಯ ಭಾಗದಲ್ಲಿ ಈ ಉಪಾಯ ನಡೆಯುವುದಿಲ್ಲ. “ಏಳು, ಎಂಟು, ಒಂಬತ್ತು” ಎಂದು ಒಂದೇ ವೇಗದಲ್ಲಿ ತೋಳು ಬಡಿಯುತ್ತ ಬಂದ ಮಗು ಒಂಬತ್ತಕ್ಕೆ ಎರಡು ಸಲ ಬಡಿದುಬಿಡಬಹುದು. ಹೇಳಿಕೊಡುವವರು ಎಂಟರ ನಂತರ ಒಂದು ಕ್ಷಣ ತಡೆದು, ಇಡೀ ಒಂಬತ್ತನ್ನು ಒಂದೇ ಬಡಿತದಲ್ಲಿ ಮುಗಿಸಿ ತೋರಿಸಬೇಕಾಗುತ್ತದೆ.

ಇಂಥ ಪದ್ಯದಲ್ಲಿ ಮನುಷ್ಯರಿಗಿಂತ ಪ್ರಾಣಿಗಳೇ ಅನುಕೂಲ ಎನ್ನುವುದಕ್ಕೆ ಮಕ್ಕಳ ಪ್ರೀತಿಯ ಜೊತೆಗೆ ವ್ಯಾಕರಣದ ಕಾರಣವೂ ಇದೆ. ಕನ್ನಡದಲ್ಲಿ ಜನರನ್ನು ಎಣಿಸುವಾಗ ಸಂಖ್ಯೆಯ ರೂಪವೇ ಬದಲಾಗುತ್ತದೆ: ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಒಂದು-ಎರಡು-ಮೂರನ್ನೇ ಇನ್ನೂ ಗಟ್ಟಿ ಮಾಡಿಕೊಳ್ಳುತ್ತಿರುವ ಮಗುವಿಗೆ ಈ ಎರಡನೆಯ ಸರಣಿ ಬೇಗನೆ ಬಂದರೆ ಗೊಂದಲ. ಆನೆ, ಎತ್ತು, ಇರುವೆಗಳಿಗೆ ಆ ಸಮಸ್ಯೆ ಇಲ್ಲ. ಮೊಲಕ್ಕೂ ಹುಣಸೆ ಬೀಜಕ್ಕೂ ಅದೇ ‘ಮೂರು’. ಪ್ರಾಣಿಯ ಹೆಸರಿಗೆ ‘ಗಳು’ ಹಚ್ಚಬೇಕಾದ ಅಗತ್ಯವೂ ಇಲ್ಲ, ನಾಲ್ಕು ನಾಯಿ ಎಂದರೆ ಸಾಕು.

ಆದರೆ ಆ ಸೌಕರ್ಯಕ್ಕೆ ಒಂದು ಬೆಲೆಯಿದೆ. ಒಂದಕ್ಕೂ ಹಲವಕ್ಕೂ ಇರುವ ಭೇದ ನಾಮಪದದಲ್ಲಿ ಕಾಣದೆ ಹೋಗುತ್ತದೆ. ಇಂಗ್ಲಿಷ್ ಮತ್ತು ರಷ್ಯನ್ ಕಲಿಯುವ ಮಕ್ಕಳನ್ನು ಜಪಾನಿ ಕಲಿಯುವ ಮಕ್ಕಳೊಂದಿಗೆ ಹೋಲಿಸಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಏಕವಚನ-ಬಹುವಚನವನ್ನು ಕಡ್ಡಾಯವಾಗಿ ಬೇರೆ ಮಾಡುವ ಮೊದಲ ಎರಡು ಭಾಷೆಗಳ ಮಕ್ಕಳು ಮೊದಮೊದಲ ಸಂಖ್ಯೆಗಳ ಅರ್ಥವನ್ನು ಬೇಗ ಹಿಡಿದದ್ದು ಕಂಡುಬಂದಿತ್ತು. ಕನ್ನಡದ ಪದ್ಯದಲ್ಲಿ ಈ ಭೇದವನ್ನು ಕ್ರಿಯಾಪದದಲ್ಲಿ ಉಳಿಸಿಕೊಳ್ಳಬಹುದು. ಆನೆ ‘ಬಂದಿತು’, ಎತ್ತುಗಳಿಂದ ಬೆಕ್ಕುಗಳವರೆಗೆ ಎಲ್ಲವೂ ‘ಬಂದವು’. ಆಡುಮಾತಿನ ‘ಬಂತು’ ಎರಡಕ್ಕೂ ಹೊಂದುತ್ತದೆ ನಿಜ, ಹೇಳಲೂ ಸಲೀಸು. ಈ ಪದ್ಯದಲ್ಲಿ ಅದನ್ನು ಬಳಸದಿರುವುದೇ ಲೇಸು.

ಪ್ರಾಣಿಗಳ ಗಾತ್ರವನ್ನೂ ಗಮನಿಸಬೇಕು. ಒಂದು ಇರುವೆಯಿಂದ ಹೊರಟು ಹತ್ತು ಆನೆಗೆ ಮುಟ್ಟುವ ಪದ್ಯ ಕೇಳಲು ಚೆನ್ನ, ಚಿತ್ರ ಬರೆಯಲೂ ಚೆನ್ನ. ಆದರೆ ಅದರಲ್ಲಿ ಸಂಖ್ಯೆ ಬೆಳೆದಂತೆಲ್ಲ ಗಾತ್ರವೂ ಬೆಳೆಯುತ್ತದೆ. ‘ಹತ್ತು’ ಎಂದರೆ ‘ದೊಡ್ಡದು’ ಎಂದು ಮಗು ತಿಳಿದುಕೊಂಡರೆ ಆ ಪದ್ಯದೊಳಗೆ ಅದನ್ನು ತಪ್ಪೆಂದು ತೋರಿಸುವಂಥದ್ದು ಏನೂ ಇರುವುದಿಲ್ಲ. ಎಣಿಸಿದಾಗ ಗಾತ್ರ ಲೆಕ್ಕಕ್ಕಿಲ್ಲ ಎನ್ನುವುದು ಮೂರು-ನಾಲ್ಕು ವರ್ಷದವರಿಗೆ ತಾನಾಗಿ ಹೊಳೆಯುವ ಸಂಗತಿಯಲ್ಲ. ದೊಡ್ಡ ಆನೆ ಒಂದೇ, ಪುಟ್ಟ ಇರುವೆ ಏಳು, ಮತ್ತೆ ದಪ್ಪ ಎಮ್ಮೆ ಎಂಟು ಎಂದು ಏರುಪೇರಾಗಿ ಇಟ್ಟರೆ ಈ ಗೊಂದಲಕ್ಕೆ ಎಡೆಯಿಲ್ಲ.

ಪರಿಚಿತ ಪ್ರಾಣಿ ಎಂದರೆ ಆ ಮಗುವಿಗೆ ಪರಿಚಿತವಾದದ್ದು ಎಂದರ್ಥ. ಎಮ್ಮೆ ಕೆರೆಗಿಳಿಯುವುದನ್ನು ನೋಡದ ಬೆಂಗಳೂರಿನ ಮಗು ಆ ಸಾಲಿಗೆ ಟೀಚರ್ ಮಾಡಿದ್ದನ್ನು ಮಾಡುತ್ತದೆಯೇ ಹೊರತು ಎಮ್ಮೆ ಮಾಡಿದ್ದನ್ನಲ್ಲ. ಪ್ರಾಣಿ ಬದಲಾಯಿಸುವಾಗ ಮೂರು ಮಾತ್ರೆಯ ಹೆಸರು ಹುಡುಕಿಕೊಂಡರೆ ಲಯ ಉಳಿಯುತ್ತದೆ: ಕಾಗೆ, ಕೋತಿ, ಕಪ್ಪೆ, ಮೀನು. ಕರಾವಳಿಯಲ್ಲಿ ಏಳಕ್ಕೆ ಏಡಿ ಸೊಗಸಾಗಿ ಹೊಂದುತ್ತದೆ, ‘ಏ’ಗೆ ‘ಏ’ ಕೂಡಿ ನೆನಪಿಗೂ ನೆರವು. ನಗರದಲ್ಲಿ ಎಲ್ಲೆಡೆ ಕಾಣುವ ಪಾರಿವಾಳ ಆರು ಮಾತ್ರೆ, ಸಾಲಿನಲ್ಲಿ ಹಿಡಿಸುವುದಿಲ್ಲ. ಕುರಿ, ಹುಲಿ, ಹಸುಗಳಿಗೆ ಒಂದು ಮಾತ್ರೆ ಕಡಿಮೆ. ಮೊಲಕ್ಕೆ ಮಾಡಿದಂತೆ ‘ಕುರಿಯು’, ‘ಹಸುವು’ ಎಂದು ತುಂಬಿಕೊಳ್ಳಬೇಕು.

ಪದ್ಯ ಬಾಯಿಗೆ ಬರುವುದು ಸುಲಭದ ಭಾಗ. ಎರಡೂವರೆ-ಮೂರು ವರ್ಷದ ಎಷ್ಟೋ ಮಕ್ಕಳು ಹತ್ತರವರೆಗೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದೇ ಮಗುವಿನ ಮುಂದೆ ಒಂದು ಬಟ್ಟಲು ಬೀಜ ಇಟ್ಟು “ಮೂರು ಕೊಡು” ಎಂದರೆ ಒಂದು ಹಿಡಿ ತೆಗೆದು ಕೊಡುತ್ತದೆ. ಹತ್ತರವರೆಗೆ ಹೇಳುವುದಕ್ಕೂ ಮೂರನ್ನು ಬಲ್ಲದ್ದಕ್ಕೂ ನಡುವಿನ ಈ ಅಂತರವನ್ನು ಮನೋವಿಜ್ಞಾನಿಗಳು ಬಹಳ ಕಾಲದಿಂದ ಪರಿಶೀಲಿಸಿದ್ದಾರೆ. ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಣಿಸುವ ಕ್ರಿಯೆಯೊಳಗೆ ಮೂರು ನಿಯಮಗಳಿವೆ ಎಂದು ಗುರುತಿಸಿದರು. ಹೆಸರುಗಳನ್ನು ಪ್ರತಿಸಲವೂ ಅದೇ ಕ್ರಮದಲ್ಲಿ ಹೇಳಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು, ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಎಣಿಸಬಾರದು. ಕೊನೆಗೆ ಹೇಳಿದ ಹೆಸರು ಆ ಕೊನೆಯ ವಸ್ತುವಿನ ಹೆಸರಲ್ಲ, ಇಡೀ ಗುಂಪು ಎಷ್ಟು ಎಂಬುದರ ಉತ್ತರ. ಇವಲ್ಲದೆ ಇನ್ನೆರಡು ನಿಯಮಗಳನ್ನೂ ಅವರು ಹೇಳಿದ್ದಾರೆ: ಏನನ್ನು ಬೇಕಾದರೂ ಎಣಿಸಬಹುದು, ಯಾವ ಕಡೆಯಿಂದ ಬೇಕಾದರೂ ಎಣಿಸಬಹುದು.

ಮೊದಲ ನಿಯಮವನ್ನು ಯಾವ ಪದ್ಯವೂ ಕಲಿಸುತ್ತದೆ. ಎರಡನೆಯದಕ್ಕೆ ಪ್ರಾಣಿಯ ಅಭಿನಯ ಬೇಕು. ಮೂರನೆಯದೇ ಕಷ್ಟದ್ದು. ಕ್ಯಾರೆನ್ ವಿನ್ ಎಂಬ ಸಂಶೋಧಕಿ 1990ರ ಸುಮಾರಿಗೆ ಮಾಡಿದ ಅಧ್ಯಯನಗಳು ಅದು ಎಷ್ಟು ನಿಧಾನವಾಗಿ ಬರುತ್ತದೆ ಎಂದು ತೋರಿಸಿದವು. ಮಗು ಮೊದಲು ‘ಒಂದು’ ಎಂದರೇನು ಎಂದಷ್ಟೇ ಬಲ್ಲದು. ಉಳಿದ ಸಂಖ್ಯೆಗಳೆಲ್ಲ ಅದಕ್ಕೆ ‘ಹಲವು’. ಕೆಲವು ತಿಂಗಳ ಮೇಲೆ ಎರಡು, ಮತ್ತೆ ಕೆಲವು ತಿಂಗಳ ಮೇಲೆ ಮೂರು. ಮೂರು ಅಥವಾ ನಾಲ್ಕರವರೆಗೆ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದ ಮೇಲೆ, ಎಣಿಸಿ ನೋಡಿದರೆ ಯಾವ ಗುಂಪು ಎಷ್ಟೆಂದು ಗೊತ್ತಾಗುತ್ತದೆ ಎಂಬ ತಿಳಿವಳಿಕೆ ಒಟ್ಟಿಗೆ ಬರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಮೂರೂವರೆ-ನಾಲ್ಕು ವರ್ಷದ ಸುಮಾರಿನ ಬೆಳವಣಿಗೆ, ಕೆಲವರಲ್ಲಿ ತಡವಾಗಿಯೂ ಬರಬಹುದು.

ಪದ್ಯ ಆಡಿಸುವವರಿಗೆ ಇದರಿಂದ ಒಂದು ಸ್ಪಷ್ಟ ಸೂಚನೆ ಸಿಗುತ್ತದೆ. ಹತ್ತೂ ಪ್ರಾಣಿಗಳನ್ನು ಮೊದಲ ದಿನವೇ ಕರೆತರಬಾರದು. ಪುಟ್ಟ ಮಕ್ಕಳಿಗೆ ಆನೆ, ಎತ್ತು, ಮೊಲ ಈ ಮೂರೇ ಕೆಲವು ವಾರಗಳವರೆಗೆ ಸಾಕು. ಪದ್ಯ ಮೊಟಕಾಯಿತಲ್ಲ ಎಂದು ದೊಡ್ಡವರಿಗೆ ಅನ್ನಿಸುತ್ತದೆ, ಮಕ್ಕಳಿಗೆ ಅನ್ನಿಸುವುದಿಲ್ಲ. ಆಮೇಲೆ ಕೋಳಿಯವರೆಗೆ ಹೋಗಿ ಒಂದು ಕೈಯ ಬೆರಳು ತುಂಬಿಸಬಹುದು, ಉಳಿದ ಐದು ಪ್ರಾಣಿಗಳು ಎರಡನೆಯ ಕೈಗೆ. ಮೂರು ವರ್ಷದವರೂ ಐದು ವರ್ಷದವರೂ ಒಂದೇ ಕೋಣೆಯಲ್ಲಿ ಕೂರುವ ಅಂಗನವಾಡಿಯಲ್ಲಿ ಇಡೀ ಪದ್ಯವನ್ನು ಎಲ್ಲರೂ ಹಾಡಲಿ. ಎಣಿಕೆಯ ಭಾಗಕ್ಕೆ ಬಂದಾಗ ಚಿಕ್ಕವರು ಮೊಲದವರೆಗೆ ಎಣಿಸಿದರೆ ಸಾಕು, ನಾಯಿಯಿಂದ ಮುಂದಿನದನ್ನು ದೊಡ್ಡವರು ಎಣಿಸಲಿ.

ಅಭಿನಯದಲ್ಲಿ ಕಾಣಿಸಿಕೊಳ್ಳುವ ತಪ್ಪುಗಳಲ್ಲಿ ಮುಖ್ಯವಾದದ್ದು ಅಕ್ಷರಕ್ಕೊಂದು ಹೆಜ್ಜೆ. ಏಳು ಇರುವೆಯ ಸಾಲಿನಲ್ಲಿ ಮಗು “ಒಂ” ಎಂದು ಒಂದು ಹೆಜ್ಜೆ, “ದು” ಎಂದು ಇನ್ನೊಂದು ಹೆಜ್ಜೆ ಇಡುತ್ತದೆ. “ಎ-ರ-ಡು” ಬಂದಾಗ ಮೂರು. ಬಾಯಿಯಲ್ಲಿ ಏಳು ಬರುವ ಹೊತ್ತಿಗೆ ಹೆಜ್ಜೆ ಹದಿನೈದಾಗಿರುತ್ತದೆ, ಮಗು ಗೋಡೆ ಮುಟ್ಟಿರುತ್ತದೆ. ಕನ್ನಡದಲ್ಲಿ ಒಂದೇ ಅಕ್ಷರದ ಸಂಖ್ಯೆ ಇಲ್ಲವಾದ್ದರಿಂದ ಈ ತಪ್ಪಿಗೆ ಒಂದರಿಂದಲೇ ಅವಕಾಶವಿದೆ. ಇಂಗ್ಲಿಷಿನಲ್ಲಿ ಏಳನ್ನು ಬಿಟ್ಟು ಹತ್ತರವರೆಗಿನ ಎಲ್ಲವೂ ಒಂದೇ ಉಚ್ಚಾರದವು, ಅಲ್ಲಿ ಸಮಸ್ಯೆ ಏಳರಲ್ಲಿ ಮಾತ್ರ. ಮಗುವಿನ ಮಾತನ್ನಷ್ಟೇ ಕೇಳಿಸಿಕೊಂಡರೆ ತಪ್ಪು ಗೊತ್ತಾಗುವುದಿಲ್ಲ, ಕಾಲನ್ನು ನೋಡಬೇಕು. ನೆಲದ ಮೇಲೆ ಏಳು ಮನೆ ಬರೆದು, ಒಂದು ಮನೆಯಲ್ಲಿ ಎರಡು ಪಾದವನ್ನೂ ಊರಿ ನಿಂತು ಹೆಸರು ಪೂರ್ತಿ ಹೇಳಿದ ಮೇಲಷ್ಟೇ ಮುಂದಿನ ಮನೆಗೆ ಹೋಗುವಂತೆ ಮಾಡಿದರೆ ಇದು ಬೇಗ ಸರಿಹೋಗುತ್ತದೆ.

ನಾಯಿಯ ಸಾಲಿನಲ್ಲಿ ಬೇರೆ ತೊಂದರೆ. ಬೊಗಳುವುದಕ್ಕೂ ಎಣಿಸುವುದಕ್ಕೂ ಇರುವುದು ಒಂದೇ ಬಾಯಿ. ಮಗು “ಬೌ, ಬೌ, ಬೌ, ಬೌ” ಎಂದರೆ ಎಣಿಕೆಯ ಹೆಸರುಗಳು ಹೊರಗೆ ಬರುವುದಿಲ್ಲ. “ಒಂದು, ಎರಡು” ಎಂದರೆ ಬೊಗಳಿದಂತಾಗುವುದಿಲ್ಲ. ಪ್ರಾಣಿಯ ಕೂಗನ್ನು ಕ್ರಿಯೆಯಾಗಿ ಇಟ್ಟುಕೊಂಡ ಪದ್ಯಗಳಲ್ಲೆಲ್ಲ ಈ ಸಿಕ್ಕು ಇದ್ದೇ ಇದೆ, ಆದರೂ ಕೂಗಿಲ್ಲದ ಪ್ರಾಣಿಪದ್ಯವನ್ನು ಮಕ್ಕಳು ಒಪ್ಪುವುದು ಕಷ್ಟ. ಪರಿಹಾರವೆಂದರೆ ಗುಂಪನ್ನು ಎರಡು ಮಾಡುವುದು. ಒಂದು ಗುಂಪು ನಾಯಿ, ಇನ್ನೊಂದು ಗುಂಪು ಲೆಕ್ಕದವರು. ಲೆಕ್ಕದವರು “ಒಂದು” ಎಂದಾಗ ನಾಯಿಗಳು ಒಮ್ಮೆ ಬೊಗಳಬೇಕು, “ನಾಲ್ಕು” ಆದ ಮೇಲೆ ಬೊಗಳಿದರೆ ಔಟು. ನಾಲ್ಕು ಆದ ಕೂಡಲೇ ನಿಲ್ಲಿಸಬೇಕಾದ ಈ ಕಟ್ಟಳೆಯೇ ಇಲ್ಲಿನ ಪಾಠ. ಎಣಿಕೆ ಎಲ್ಲಿ ನಿಂತಿತೋ ಅಲ್ಲಿಗೆ ಕ್ರಿಯೆಯೂ ನಿಲ್ಲಬೇಕು ಎಂದು ಮಗುವಿಗೆ ಮೈಯಿಂದಲೇ ಗೊತ್ತಾಗುತ್ತದೆ.

ಜಿಗಿತ, ಬಡಿತ, ಹೆಜ್ಜೆಗಳಿಗೆ ಇನ್ನೊಂದು ಮಿತಿಯಿದೆ. ಅವು ಆಗಿ ಹೋಗುತ್ತವೆ, ಉಳಿಯುವುದಿಲ್ಲ. “ಎಷ್ಟು ಸಲ ಜಿಗಿದೆ?” ಎಂದು ಕೇಳಿದರೆ ತಿರುಗಿ ನೋಡಿ ಎಣಿಸಲು ಅಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಪ್ರತಿ ಜಿಗಿತಕ್ಕೂ ಒಬ್ಬರು ಒಂದು ಬೀಜವನ್ನೋ ಬಾಟಲಿ ಮುಚ್ಚಳವನ್ನೋ ನೆಲದ ಮೇಲೆ ಇಡುತ್ತ ಹೋಗುವುದು ಒಳ್ಳೆಯದು. ಮೂರು ಜಿಗಿತ ಮುಗಿದಾಗ ಮೂರು ಮುಚ್ಚಳ ಕಣ್ಣೆದುರು ಇರುತ್ತವೆ. “ಒಂದು, ಎರಡು, ಮೂರು. ಮೂರು ಮೊಲ!” ಎಂದು ಕೊನೆಯ ಸಂಖ್ಯೆಯನ್ನು ಮತ್ತೊಮ್ಮೆ ಹೇಳಿ, ಮುಚ್ಚಳಗಳ ಸುತ್ತ ಬೆರಳಿನಿಂದ ಒಂದು ಗೆರೆ ಎಳೆಯಬೇಕು. ಆಗ ಮೂರನೆಯ ಮುಚ್ಚಳದ ಮೇಲೆ ಕೂತಿದ್ದ ಆ ಹೆಸರು ಮೂರಕ್ಕೂ ಒಟ್ಟಾಗಿ ಸಲ್ಲುವುದನ್ನು ಮಗು ಕಾಣುತ್ತದೆ. ಮೂರನೆಯ ನಿಯಮದ ಪಾಠ ಈ ಒಂದು ಸನ್ನೆಯಲ್ಲಿದೆ. ಅವಸರದಲ್ಲಿ ಎಲ್ಲರೂ ಬಿಡುವುದೂ ಇದನ್ನೇ.

ಬೆರಳಿನ ವಿಷಯದಲ್ಲಿ ಮನೆಯ ಹಿರಿಯರಿಗೆ ಒಂದು ಮಾತು ತಿಳಿಸಬೇಕಾಗುತ್ತದೆ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಎಣಿಸುವುದು ಅಜ್ಜ-ಅಜ್ಜಿಯರ ರೂಢಿ. ಒಂದು ಬೆರಳಿಗೆ ಮೂರು ನಾಲ್ಕು ಎಣಿಕೆ ಹಿಡಿಸುವ ಆ ಕ್ರಮ ಜಪಕ್ಕೆ, ಹಾಲಿನ ಲೆಕ್ಕಕ್ಕೆ ಬಹಳ ಉಪಯುಕ್ತ. ಪುಟ್ಟ ಮಗುವಿಗೆ ಮಾತ್ರ ಒಂದು ಬೆರಳು ಎಂದರೆ ಒಂದೇ ಆಗಿರಬೇಕು. ಗೆಣ್ಣಿನ ಲೆಕ್ಕ ಕೆಲವು ವರ್ಷ ಕಾಯಬಹುದು.

ಮಗು ಎಲ್ಲಿಗೆ ಮುಟ್ಟಿದೆ ಎಂದು ತಿಳಿಯಲು ಕ್ಯಾರೆನ್ ವಿನ್ ಅವರ ಅಧ್ಯಯನದಲ್ಲಿದ್ದ ‘ಇಷ್ಟು ಕೊಡು’ ಎಂಬ ಪರೀಕ್ಷೆಯನ್ನೇ ಪ್ರಾಣಿಗಳ ಜೊತೆ ಆಡಿಸಬಹುದು. ಒಂದು ಆಟಿಕೆ ಮೊಲ ಅಥವಾ ರಟ್ಟಿನ ಮೊಲ, ಒಂದು ತಟ್ಟೆ, ಹದಿನೈದು ಮುಚ್ಚಳಗಳು. ಮುಚ್ಚಳಗಳು ಕೇಳುವ ಸಂಖ್ಯೆಗಿಂತ ಬಹಳ ಹೆಚ್ಚಿರಬೇಕು. ಐದೇ ಇಟ್ಟು ಐದು ಕೇಳಿದರೆ, ಇದ್ದದ್ದನ್ನೆಲ್ಲ ಕೊಟ್ಟ ಮಗುವೂ ಪಾಸಾಗುತ್ತದೆ. ಮೂರು ವರ್ಷದ ಒಳಗಿನವರು ಸಿಕ್ಕಿದ್ದನ್ನು ಬಾಯಿಗೆ ಮೂಗಿಗೆ ಹಾಕಿಕೊಳ್ಳುವುದರಿಂದ ಹುಣಸೆ ಬೀಜ, ಕಡಲೆಕಾಳುಗಳಿಗಿಂತ ಬಾಯಲ್ಲಿ ಹಿಡಿಸದಷ್ಟು ದೊಡ್ಡ ಮುಚ್ಚಳ ವಾಸಿ.

ಹೀಗೊಂದು ಪರೀಕ್ಷೆ ಹೇಗೆ ನಡೆಯಬಹುದೆಂದು ನೋಡೋಣ. ಮೂರು ವರ್ಷ ಎರಡು ತಿಂಗಳ ಮಗು. ಹತ್ತರವರೆಗೆ ನಿರಾತಂಕವಾಗಿ ಹೇಳುತ್ತದೆ, ಪದ್ಯವೂ ಬಾಯಿಗೆ ಬಂದಿದೆ. “ಮೊಲಕ್ಕೆ ಒಂದು ಕೊಡು” ಎಂದರೆ ಒಂದು ಇಡುತ್ತದೆ. “ಎರಡು ಕೊಡು” ಎಂದರೆ ಎರಡು. “ಮೂರು ಕೊಡು” ಎಂದರೆ ಐದು ಎತ್ತಿ ಹಾಕುತ್ತದೆ. “ಇದು ಮೂರಾ? ಎಣಿಸು ನೋಡೋಣ” ಎಂದರೆ ಒಂದೊಂದನ್ನೇ ಮುಟ್ಟಿ ಐದರವರೆಗೆ ಸರಿಯಾಗಿ ಎಣಿಸಿ, “ಹೂಂ, ಮೂರು” ಎನ್ನುತ್ತದೆ. ಮತ್ತೊಮ್ಮೆ ಎರಡು ಕೇಳಿದರೆ ಎರಡನ್ನೇ ಕೊಡುತ್ತದೆ, ನಾಲ್ಕು ಕೇಳಿದರೆ ಮತ್ತೆ ಒಂದು ಹಿಡಿ. ಈ ಮಗು ಎರಡರವರೆಗೆ ಬಲ್ಲದು. ಹಟವೂ ಅಲ್ಲ, ದಡ್ಡತನವೂ ಅಲ್ಲ. ಎಣಿಕೆಯ ಕೊನೆಯ ಹೆಸರೇ ಉತ್ತರ ಎಂಬ ಎಳೆ ಅದಕ್ಕೆ ಇನ್ನೂ ಸಿಕ್ಕಿಲ್ಲ. ಅದರ ಮುಂದಿನ ಪಾಠ ಮೊಲದ ಸಾಲು, ಎಮ್ಮೆಯದ್ದಲ್ಲ. ಮೂರು ಮೊಲ, ಮೂರು ಚಮಚ, ಮೂರು ದೋಸೆ, ಎರಡಿದ್ದರೆ ಏನು, ಇನ್ನೊಂದು ಬಂದರೆ ಏನು ಎಂದು ಅಲ್ಲಿಯೇ ಸುತ್ತಾಡಬೇಕು.

“ಒಟ್ಟು ಎಷ್ಟು?” ಎಂಬ ಪ್ರಶ್ನೆಯೊಂದರಿಂದಲೇ ಇದನ್ನು ತಿಳಿಯಲು ಹೋದರೆ ಮೋಸಹೋಗುವ ಸಾಧ್ಯತೆಯಿದೆ. ದೊಡ್ಡವರು ಹೀಗೆ ಕೇಳಿದಾಗ ಕೊನೆಗೆ ಹೇಳಿದ ಹೆಸರನ್ನೇ ತಿರುಗಿ ಹೇಳಿದರೆ ಸಾಕು ಎಂದು ಮಕ್ಕಳು ಬಲುಬೇಗ ಕಲಿಯುತ್ತಾರೆ. ಹಾಗೆ ಸರಿ ಉತ್ತರ ಕೊಟ್ಟ ಮಗುವೇ “ನಾಲ್ಕು ಕೊಡು” ಎಂದಾಗ ಹಿಡಿ ತುಂಬ ಕೊಡಬಹುದು. ಇನ್ನು ಕೆಲವು ಮಕ್ಕಳು “ಎಷ್ಟು?” ಎಂದು ಕೇಳಿದ ಪ್ರತಿಸಲವೂ ಮತ್ತೆ ಒಂದರಿಂದ ಎಣಿಸತೊಡಗುತ್ತಾರೆ, ಅವರ ಮಟ್ಟಿಗೆ ಎಣಿಸುವುದೇ ಆ ಪ್ರಶ್ನೆಗೆ ಉತ್ತರ. ಕೊಡಿಸಿ ನೋಡುವುದೇ ನಂಬಬಹುದಾದ ದಾರಿ. ಮನೆಮಾತು ತುಳುವೋ ಉರ್ದುವೋ ತೆಲುಗೋ ಆಗಿರುವ ಮಗುವಿಗೆ ಈ ಪರೀಕ್ಷೆಯನ್ನು ಎರಡು ಭಾಷೆಯಲ್ಲೂ ಮಾಡಿ ನೋಡಬೇಕು, ಇಲ್ಲವಾದರೆ ಕನ್ನಡ ಗೊತ್ತಿಲ್ಲದ್ದನ್ನು ಲೆಕ್ಕ ಗೊತ್ತಿಲ್ಲದ್ದು ಎಂದು ತಪ್ಪಾಗಿ ತಿಳಿದಂತಾಗುತ್ತದೆ.

ಪದ್ಯ ಚೆನ್ನಾಗಿ ಬಾಯಿಗೆ ಬಂದದ್ದೇ ಮುಂದೊಂದು ದಿನ ಅಡ್ಡಿಯಾಗುತ್ತದೆ. “ಆರರ ನಂತರ ಏನು?” ಎಂದು ಕೇಳಿದರೆ ಮಗು ಆನೆಯಿಂದ ಹೊರಟು ಪೂರಾ ಹೇಳಿಕೊಂಡು ಬಂದು ಇರುವೆಯ ಹತ್ತಿರ ನಿಲ್ಲುತ್ತದೆ. ನಡುವಿನಿಂದ ಶುರುಮಾಡಲು ಬರುವುದಿಲ್ಲ. ಮಕ್ಕಳ ಎಣಿಕೆಯ ಬಗ್ಗೆ 1988ರಲ್ಲಿ ವಿಸ್ತಾರವಾದ ಪುಸ್ತಕ ಬರೆದ ಕ್ಯಾರೆನ್ ಫ್ಯೂಸನ್ ಇದನ್ನು ಹಂತಗಳಾಗಿ ವಿಂಗಡಿಸಿದ್ದಾರೆ: ಮೊದಲು ಸಂಖ್ಯೆಗಳೆಲ್ಲ ಅಂಟಿಕೊಂಡ ಒಂದೇ ಉದ್ದ ಮಾತು, ಆಮೇಲೆ ಹೆಸರುಗಳು ಬೇರೆಬೇರೆ ಎಂದು ಗೊತ್ತಾದರೂ ಒಂದರಿಂದಲೇ ಹೊರಡಬೇಕಾದ ಪಟ್ಟಿ, ಅದಾದ ಮೇಲೆ ಎಲ್ಲಿ ಬೇಕಾದರೂ ತುಂಡರಿಸಿ ಹೊರಡಬಹುದಾದ ಸರಪಳಿ. ಕೂಡುವ ಲೆಕ್ಕಕ್ಕೆ ಮೂರನೆಯದು ಬೇಕೇಬೇಕು. ಐದಕ್ಕೆ ಎರಡು ಕೂಡಿಸುವಾಗ ಐದರಿಂದಲೇ ಮುಂದೆ ಹೊರಟು “ಆರು, ಏಳು” ಎನ್ನಲು ಬರಬೇಕು.

ಹಾಗಾಗಿ ಬಾಯಿಗೆ ಬಂದ ಪದ್ಯವನ್ನು ಬೇಕೆಂದೇ ಮುರಿದು ಆಡಿಸುವುದು ಐದು ವರ್ಷದ ಹತ್ತಿರದವರಿಗೆ ತಕ್ಕ ಆಟ. ಇವತ್ತು ಆನೆ ಬರಲಿಲ್ಲ, ಪದ್ಯ ನಾಯಿಯಿಂದ ಶುರು. ನಾಳೆ ಟೀಚರ್ “ಎಂಟು ಎಮ್ಮೆ ಬಂದವು” ಎಂದು ನಿಲ್ಲಿಸಿ, “ಎಮ್ಮೆಗಿಂತ ಮೊದಲು ಯಾರು ಬಂದಿದ್ದರು? ಎಷ್ಟು?” ಎಂದು ಕೇಳುತ್ತಾರೆ. ಇರುವೆ ಎಂಬ ಉತ್ತರ ಬೇಗ ಬರುತ್ತದೆ, ಏಳು ಎಂಬುದು ತಡವಾಗಿ. ಪ್ರಾಣಿಗಳನ್ನು ಅದಲುಬದಲು ಮಾಡುವುದೂ ಅಷ್ಟೇ ಮುಖ್ಯ. ಆರು ಎಂದರೆ ಯಾವಾಗಲೂ ಆಡೇ ಆಗಿಬಿಟ್ಟರೆ, ಆರು ಎನ್ನುವುದು ಆಡಿನ ಅಡ್ಡಹೆಸರಿನಂತೆ ಮಗುವಿನ ಮನಸ್ಸಿನಲ್ಲಿ ಉಳಿದೀತು. ಪ್ರಾಸದ ಅಂದಕ್ಕೆ ಆಸೆಪಟ್ಟು ನಾಲ್ಕಕ್ಕೆ ನಾಯಿ, ಎಂಟಕ್ಕೆ ಎಮ್ಮೆ ಎಂದು ಜೋಡಿಸಿದ ಪದ್ಯದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ತಿಂಗಳಿಗೊಮ್ಮೆಯಾದರೂ ನಾಲ್ಕು ಎಮ್ಮೆ, ಎಂಟು ನಾಯಿ ಬರಬೇಕು. ಮಕ್ಕಳು ಮೊದಲು “ತಪ್ಪು ತಪ್ಪು” ಎಂದು ಕೂಗುತ್ತಾರೆ, ಆಮೇಲೆ ತಾವೇ ಬದಲಾಯಿಸತೊಡಗುತ್ತಾರೆ.

ಪದ್ಯವನ್ನು ಹತ್ತರಾಚೆಗೆ ಬೆಳೆಸಲು ಹೋದವರಿಗೆ ಅದು ಸಾಗದಿರುವುದು ಕೂಡಲೇ ಗೊತ್ತಾಗುತ್ತದೆ. ಹನ್ನೊಂದರಿಂದ ಹದಿನೆಂಟರವರೆಗೆ ಎಲ್ಲವೂ ಐದೈದು ಮಾತ್ರೆ, ಹತ್ತೊಂಬತ್ತಕ್ಕೆ ಏಳು. ಮೂರು ಮಾತ್ರೆಯ ಸಾಲಿನಲ್ಲಿ ಯಾವುದೂ ಕೂರುವುದಿಲ್ಲ. ಹನ್ನೊಂದು ಸಲ ಜಿಗಿಯುವ ಮಗುವಿಗೆ ನಡುವೆ ಲೆಕ್ಕ ತಪ್ಪುತ್ತದೆ, ಬೆರಳೂ ಮುಗಿದಿರುತ್ತವೆ. ಹನ್ನೊಂದನ್ನು ಹತ್ತು ಮತ್ತು ಒಂದು ಎಂದು ಕಾಣಬೇಕಾದರೆ ಮಗು ಮೊದಲು ಹತ್ತು ಬಿಡಿ ವಸ್ತುಗಳನ್ನು ಒಂದು ಕಟ್ಟು ಎಂದು ಒಪ್ಪಿಕೊಳ್ಳಬೇಕು. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ, ಪಕ್ಕಕ್ಕೆ ಒಂದು ಬಿಡಿ ಕಡ್ಡಿ ಇಟ್ಟು ಅದನ್ನು ತೋರಿಸುವುದು ಒಂದನೆಯ ತರಗತಿಯ ಕೆಲಸ.